ಕನಸಿಗೆ ಬರುವ ಗುರುತಿಲ್ಲದ ಮುಖಗಳು

ಕನಸಿನ ಬಗ್ಗೆ ಒಂದು ಮಾತು ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹಾಕುತ್ತಿರುತ್ತದೆ. ಮಿದುಳಿಗೆ ಹೊಸ ಮುಖವನ್ನು ಹುಟ್ಟಿಸಲು ಬರುವುದಿಲ್ಲವಂತೆ. ಕನಸಿನಲ್ಲಿ ಕಂಡ ಪ್ರತಿಯೊಬ್ಬ ಅಪರಿಚಿತನನ್ನೂ ನಾವು ಎಂದೋ ಒಮ್ಮೆ, ಬಸ್ ನಿಲ್ದಾಣದಲ್ಲೋ ಜಾತ್ರೆಯ ಗದ್ದಲದಲ್ಲೋ, ನೋಡಿಯೇ ಇರುತ್ತೇವಂತೆ. ಕೇಳಲು ಸೊಗಸಾಗಿದೆ, ಆದರೆ ಇದನ್ನು ಯಾರೂ ಸಾಬೀತು ಮಾಡಿಲ್ಲ. ಮಾಡುವ ದಾರಿಯೂ ಇಲ್ಲ. ಹುಟ್ಟಿದಂದಿನಿಂದ ನಾವು ನೋಡಿದ ಮುಖಗಳ ಪಟ್ಟಿಯೊಂದು ಬೇಕು, ಕನಸಿನ ಮುಖದ ಫೋಟೋ ಒಂದು ಬೇಕು. ಎರಡೂ ಯಾರ ಬಳಿಯೂ ಇಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ, ಒಬ್ಬ ವ್ಯಕ್ತಿ ಸರಾಸರಿ ಸುಮಾರು 5,000 ಮುಖಗಳನ್ನು ಗುರುತಿಸಬಲ್ಲ ಎಂದು ಲೆಕ್ಕ ಹಾಕಿತು. ಅದು ಗುರುತಿರುವವರ ಲೆಕ್ಕ ಮಾತ್ರ. ನೋಡಿ ಮರೆತವರ ಲೆಕ್ಕ ಇಡುವವರು ಯಾರು?

ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳುವುದೇ ಮೇಲು. ಎಂದೂ ನೋಡಿರದ ಮುಖವೊಂದನ್ನು ಮಿದುಳು ತಾನೇ ಕಟ್ಟಬಲ್ಲದೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಕನಸಿನಲ್ಲಲ್ಲ, ಆಸ್ಪತ್ರೆಯ ಮಂಚದ ಮೇಲೆ ಪೂರ್ತಿ ಎಚ್ಚರವಾಗಿದ್ದ ಒಬ್ಬ ರೋಗಿಯಿಂದ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಅವರ ಮಿದುಳಿನ ಮೇಲೆ, ಮೂರ್ಛೆ ಎಲ್ಲಿಂದ ಶುರುವಾಗುತ್ತದೆಂದು ಪತ್ತೆ ಹಚ್ಚಲು ಎಲೆಕ್ಟ್ರೋಡ್‌ಗಳನ್ನು ಇಟ್ಟಿದ್ದರು. ಅವುಗಳಲ್ಲಿ ಕೆಲವು ಮಿದುಳಿನ ತಳಭಾಗದ ಫ್ಯೂಸಿಫಾರ್ಮ್ ಎಂಬ ಮಡಿಕೆಯ ಮೇಲಿದ್ದವು. ಮುಖಗಳನ್ನು ನೋಡುವಾಗ ವಿಶೇಷವಾಗಿ ಚುರುಕಾಗುವ ಜಾಗ ಅದು. ವೈದ್ಯ ಜೋಸೆಫ್ ಪಾರ್ವಿಜಿ ರೋಗಿಯ ಎದುರು ನಿಂತು, ತಮ್ಮ ಮುಖವನ್ನೇ ನೋಡುತ್ತಿರುವಂತೆ ಹೇಳಿದರು. ಅಲ್ಲಿಗೆ ಅಲ್ಪ ವಿದ್ಯುತ್ ಹರಿಸಿದ್ದೇ ತಡ, ರೋಗಿ ಬೆರಗಾದರು. ನೀವು ಬೇರೆ ಯಾರೋ ಆಗಿಬಿಟ್ಟಿರಿ, ಮೂಗು ಜೋತುಬಿದ್ದು ಎಡಕ್ಕೆ ಸರಿಯಿತು ಎಂದರು. ಮುಖವೊಂದೇ ಬದಲಾಗಿತ್ತು, ಉಳಿದದ್ದೆಲ್ಲ ಇದ್ದಂತೆಯೇ ಇತ್ತು. ವಿದ್ಯುತ್ ನಿಲ್ಲಿಸಿದಾಗ ವೈದ್ಯರ ಮುಖ ಮರಳಿ ಬಂತು. ಇದು 2012ರಲ್ಲಿ ವರದಿಯಾದ ಪ್ರಕರಣ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ರೋಗಿ ಹೇಳಿದ ಇನ್ನೊಂದು ಸಂಗತಿ: ಆ ಬದಲಾದ ಮುಖ ತಾನು ಹಿಂದೆ ನೋಡಿದ ಯಾರದೋ ಹಾಗೆ ಕಂಡಿತು, ಆದರೆ ಅವರಲ್ಲ. ಬೆಳಿಗ್ಗೆ ಎದ್ದು ಕನಸಿನ ಅಪರಿಚಿತನ ಬಗ್ಗೆ ನಾವು ಹೇಳುವುದೂ ಇದನ್ನೇ ಅಲ್ಲವೆ? ನೋಡಿದ ಹಾಗಿದೆ ಎಂಬ ಅನಿಸಿಕೆ ನಿಜವಾಗಿ ನೋಡಿದ್ದಕ್ಕೆ ಸಾಕ್ಷಿಯಾಗಲಾರದು. ಮುಖದ ಜೊತೆಗೇ ಆ ಅನಿಸಿಕೆಯೂ ಹುಟ್ಟಬಹುದು.

ಇದು ಹೇಗೆ ಸಾಧ್ಯ ಎಂಬುದಕ್ಕೆ 2017ರಲ್ಲಿ ಲೆ ಚಾಂಗ್ ಮತ್ತು ಡೊರಿಸ್ ತ್ಸಾವೊ ಕೋತಿಗಳ ಮೇಲೆ ನಡೆಸಿದ ಅಧ್ಯಯನ ಸುಳಿವು ಕೊಡುತ್ತದೆ. ಮುಖ ಗುರುತಿಸುವ ಭಾಗದ 205 ನರಕೋಶಗಳ ಮಿಡಿತವನ್ನು ಅವರು ದಾಖಲಿಸಿದರು. ಒಂದೊಂದು ಕೋಶವೂ ಒಬ್ಬೊಬ್ಬ ವ್ಯಕ್ತಿಗೆ ಮೀಸಲಾಗಿರಲಿಲ್ಲ. ಮುಖದ ಆಕಾರ, ಚರ್ಮದ ಬಣ್ಣ ಮುಂತಾದವುಗಳಲ್ಲಿನ ಏರಿಳಿತವನ್ನು ಅಳೆಯುವುದು ಅವುಗಳ ಕೆಲಸವಾಗಿತ್ತು. ಅಂಥ ಸುಮಾರು 50 ಅಳತೆಗಳಿದ್ದರೆ ಸಾಕು, ಕೋತಿ ನೋಡುತ್ತಿದ್ದ ಮುಖವನ್ನು ಕೋಶಗಳ ಮಿಡಿತದಿಂದಲೇ ಕಂಪ್ಯೂಟರಿನಲ್ಲಿ ಮರಳಿ ಬರೆಯಬಹುದಿತ್ತು. ಹಾರ್ಮೋನಿಯಂನೊಳಗೆ ಹಾಡುಗಳ ದಾಸ್ತಾನು ಇರುವುದಿಲ್ಲ, ಮನೆಗಳಿರುತ್ತವೆ. ಯಾರೂ ಹಾಡಿರದ ಹಾಡನ್ನೂ ಅದರಲ್ಲಿ ನುಡಿಸಬಹುದು. ಮುಖಗಳ ವಿಷಯದಲ್ಲಿ ನಮ್ಮ ಮಿದುಳೂ ಹಾಗೇ ಇರುವಂತಿದೆ. ನೋಡಿದ ಮುಖಗಳಿಂದ ಅದು ಅಳತೆಗಳನ್ನು ಕಲಿಯುತ್ತದೆ. ಆ ಅಳತೆಗಳು ಹೊಸ ರೀತಿಯಲ್ಲಿ ಕೂಡಿಕೊಂಡರೆ ಎಲ್ಲಿಯೂ ಇಲ್ಲದ ಮನುಷ್ಯನೊಬ್ಬ ಎದುರಿಗೆ ನಿಲ್ಲುತ್ತಾನೆ.

ನಿದ್ದೆಯಲ್ಲೂ ಇದೇ ಭಾಗ ದುಡಿಯುತ್ತದೆಯೆ? ಅದೇ 2017ರಲ್ಲಿ ಫ್ರಾನ್ಸೆಸ್ಕಾ ಸಿಕ್ಲಾರಿ ಮತ್ತು ಸಂಗಡಿಗರು, ಮಲಗಿದವರ ತಲೆಗೆ 256 ಎಲೆಕ್ಟ್ರೋಡ್‌ಗಳ ಜಾಲ ತೊಡಿಸಿ, ರಾತ್ರಿಯಲ್ಲಿ ಮತ್ತೆ ಮತ್ತೆ ಎಬ್ಬಿಸಿ, ಈಗ ತಾನೇ ಏನು ಕಾಣುತ್ತಿತ್ತು ಎಂದು ಕೇಳಿದರು. ಮುಖ ಕಂಡಿತು ಎಂದವರಲ್ಲಿ, ಎಬ್ಬಿಸುವ ಮುಂಚಿನ ಕ್ಷಣಗಳಲ್ಲಿ, ಎಚ್ಚರದಲ್ಲಿ ಮುಖ ನೋಡುವಾಗ ಚುರುಕಾಗುವ ಅದೇ ಭಾಗ ಚುರುಕಾಗಿತ್ತು. ಕನಸಿನ ಮುಖ ತಯಾರಾಗುವುದು ಎಚ್ಚರದ ಮುಖ ತಯಾರಾಗುವಲ್ಲಿಯೇ ಎಂದಾಯಿತು. ಕಣ್ಣಿನಿಂದ ಬರಬೇಕಾದ ಸರಕು ಮಾತ್ರ ಅಲ್ಲಿಗೆ ಬರುತ್ತಿರುವುದಿಲ್ಲ.

ಇಲ್ಲಿಂದ ವಿಷಯ ಇನ್ನಷ್ಟು ವಿಚಿತ್ರವಾಗುತ್ತದೆ. ಮುಖ ಬೇರೆ, ಅದು ಯಾರದು ಎಂಬ ತಿಳಿವು ಬೇರೆ. ಹಾರ್ವರ್ಡ್‌ನ ಡೇವಿಡ್ ಕಾನ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 33 ಜನ ಬರೆದಿಟ್ಟ 320 ಕನಸುಗಳಿದ್ದವು. ಅವುಗಳಲ್ಲಿ ಬಂದ ಪಾತ್ರಗಳಲ್ಲಿ ಶೇ. 48 ಹೆಸರಿಟ್ಟು ಹೇಳಬಹುದಾದ ಪರಿಚಿತರು. ಶೇ. 35 ಪಾತ್ರಗಳಿಗೆ ಹೆಸರಿಲ್ಲ, ಪೊಲೀಸ್ ಅಥವಾ ಗೆಳೆಯ ಎಂಬಂಥ ಕೆಲಸವೋ ಸಂಬಂಧವೋ ಮಾತ್ರ ಇತ್ತು. ಶೇ. 16 ಮಾತ್ರ ಪೂರ್ತಿ ಹೊಸಬರು. ಪರಿಚಿತರನ್ನು ಹೇಗೆ ಗುರುತಿಸಿದಿರಿ ಎಂದು ಕೇಳಿದಾಗ, ಮುಖ ನೋಡಿ ಎಂಬ ಉತ್ತರ ಶೇ. 45ರಷ್ಟು ಸಲ ಬಂತು. ಅದಕ್ಕೆ ಸರಿಸಮವಾಗಿ ಶೇ. 44ರಷ್ಟು ಸಲ ಬಂದ ಉತ್ತರ: ಸುಮ್ಮನೆ ಗೊತ್ತಿತ್ತು. ಮುಖ ಅಣ್ಣನದಲ್ಲ, ದನಿ ಅಣ್ಣನದಲ್ಲ, ಆದರೂ ಅವನು ಅಣ್ಣ ಎಂಬುದರಲ್ಲಿ ಅನುಮಾನವಿಲ್ಲ ಎನ್ನುವ ಕನಸು ಯಾರಿಗೆ ಬಿದ್ದಿಲ್ಲ! ಅಪರಿಚಿತ ಎಂದರೆ ಬಹುಶಃ ಈ ಜೋಡಣೆಯ ಇನ್ನೊಂದು ತುದಿ: ಮುಖ ಮೂಡಿದೆ, ಅದರ ಬೆನ್ನಿಗೆ ಯಾರ ತಿಳಿವೂ ಬಂದು ಕೂತಿಲ್ಲ.

ಮುಖಗಳು ಬೆರೆಯುವುದನ್ನು ಫ್ರಾಯ್ಡ್ ತನ್ನದೇ ಕನಸಿನಲ್ಲಿ ಹಿಡಿದು ತೋರಿಸಿದ್ದಾನೆ. 1897ರ ವಸಂತದಲ್ಲಿ ಅವನ ಹೆಸರನ್ನು ಪ್ರೊಫೆಸರ್ ಪದವಿಗೆ ಶಿಫಾರಸು ಮಾಡಿದ್ದರು. ಅದೇ ಪದವಿಗಾಗಿ ಬಹುಕಾಲದಿಂದ ಕಾದಿದ್ದ ಸ್ನೇಹಿತನೊಬ್ಬ (ಪುಸ್ತಕದಲ್ಲಿ ಅವನ ಹೆಸರು ಆರ್. ಎಂದಷ್ಟೇ ಇದೆ) ಒಂದು ಸಂಜೆ ಮನೆಗೆ ಬಂದು, ತಾನು ಯೆಹೂದಿಯೆಂಬ ಕಾರಣಕ್ಕೇ ಸರ್ಕಾರ ತಡ ಮಾಡುತ್ತಿರುವಂತಿದೆ ಎಂದ. ಫ್ರಾಯ್ಡ್ ಕೂಡ ಯೆಹೂದಿಯೇ. ಮರುದಿನ ಬೆಳಗಿನ ಕನಸಿನಲ್ಲಿ ಆರ್. ಅವನ ಚಿಕ್ಕಪ್ಪನಾಗಿ ಕಾಣಿಸಿಕೊಂಡ. ಮುಖ ಆರ್.ನದೇ, ಆದರೆ ಉದ್ದಕ್ಕೆ ಎಳೆದಂತಿತ್ತು, ಸುತ್ತ ಹಳದಿ ಗಡ್ಡ. ಆರ್.ನ ಗಡ್ಡ ಮೂಲತಃ ಕಪ್ಪು. ಉದ್ದ ಮುಖ, ಹಳದಿ ಗಡ್ಡ ಚಿಕ್ಕಪ್ಪ ಯೋಸೆಫ್‌ನವು. ಹಲವು ಮುಖಗಳನ್ನು ಒಂದೇ ಫೋಟೋ ಫಲಕದ ಮೇಲೆ ಮೂಡಿಸುವ ಗಾಲ್ಟನ್‌ನ ಪ್ರಯೋಗದಂತೆ ಇದಾಗಿದೆ ಎಂದು ಫ್ರಾಯ್ಡ್ ಬರೆದ. ಚಿಕ್ಕಪ್ಪ ಒಮ್ಮೆ ಶಿಕ್ಷೆಗೆ ಗುರಿಯಾದವನು, ಮನೆಯವರ ಬಾಯಲ್ಲಿ ಪೆದ್ದ. ಆರ್. ಕೂಡ ಪೆದ್ದನೆಂದಾದರೆ ಅವನಿಗೆ ಪದವಿ ತಪ್ಪಿದ್ದಕ್ಕೆ ಧರ್ಮ ಕಾರಣವಲ್ಲ, ಆಗ ತನ್ನ ದಾರಿ ಸಲೀಸು. ಇದು ಕನಸಿನ ಒಳ ಆಸೆ ಎಂದು ಅವನ ವಾದ. ಆ ವಾದವನ್ನು ಒಪ್ಪಬೇಕೆಂದೇನಿಲ್ಲ. ಬೆರಕೆ ಮುಖದ ವರ್ಣನೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಆ ಚಿಕ್ಕಪ್ಪನನ್ನು ಫ್ರಾಯ್ಡ್ ಮರೆತುಬಿಟ್ಟಿದ್ದರೆ, ಹಳದಿ ಗಡ್ಡದ ಆ ಮನುಷ್ಯ ಅವನಿಗೂ ಅಪರಿಚಿತನೇ ಆಗುತ್ತಿದ್ದ.

ಈ ಅಪರಿಚಿತ ನಮ್ಮದೇ ಒಂದು ತುಂಡು ಎಂದು ಒತ್ತಿ ಹೇಳಿದವನು ಕಾರ್ಲ್ ಯೂಂಗ್. ಕನಸಿನಲ್ಲಿ ಬಂದವರು ನಮ್ಮ ಬದುಕಿಗೆ ಹತ್ತಿರದವರಾದರೆ ಅವರನ್ನು ಅವರೆಂದೇ ತಿಳಿಯಬೇಕು. ಗುರುತಿಲ್ಲದವರಾದರೆ ನಮ್ಮೊಳಗಿನ ಯಾವುದೋ ಭಾಗವೆಂದು ಓದಬೇಕು ಎಂಬುದು ಅವನ ಹಾದಿ. ಬೆದರಿಸುವ, ಕನಸುಗಾರನದೇ ಲಿಂಗದ ಅಪರಿಚಿತ ಎಂದರೆ ನಾವು ನಮ್ಮದೆಂದು ಒಪ್ಪದ ಗುಣಗಳ ನೆರಳು. ನಮ್ಮವರಿಗೆ ಈ ವಿಚಾರ ತೀರಾ ಹೊಸದಲ್ಲ. ಕನಸಿನಲ್ಲಿ ರಥಗಳನ್ನೂ ದಾರಿಗಳನ್ನೂ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ ಎಂಬ ಮಾತು ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ಯೂಂಗ್ 1937ರ ಕೊನೆಗೆ ಭಾರತ ಪ್ರವಾಸಕ್ಕೆ ಹೊರಟವನು, ಮೈಸೂರು ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿದ್ದು ಅವರೊಡನೆ ಚರ್ಚಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ.

ಯೂಂಗ್ ಹೇಳಿದ್ದನ್ನು ಪರೀಕ್ಷಿಸುವುದು ಹೇಗೆ? ಒಂದು ಕನಸನ್ನು ಹಿಡಿದು ಕೂತರೆ ಆಗದು, ಸಾವಿರ ಕನಸು ಬೇಕು. ಅಮೆರಿಕದ ಕ್ಯಾಲ್ವಿನ್ ಹಾಲ್ ಮಾಡಿದ್ದು ಅದನ್ನೇ. 1966ರಲ್ಲಿ ಅವನೂ ರಾಬರ್ಟ್ ವ್ಯಾನ್ ಡಿ ಕ್ಯಾಸಲ್‌ನೂ 200 ಕಾಲೇಜು ವಿದ್ಯಾರ್ಥಿಗಳ 1,000 ಕನಸುಗಳ ಪಾತ್ರಗಳನ್ನು ಎಣಿಸಿ ಪುಸ್ತಕ ಮಾಡಿದರು. ಅದಕ್ಕೂ ಮುಂಚೆ, 1963ರಲ್ಲಿ, ಹಾಲ್ ಅಪರಿಚಿತರ ಮೇಲೆಯೇ ಒಂದು ಪ್ರಬಂಧ ಬರೆದಿದ್ದ. ಕನಸಿನ ಅಪರಿಚಿತರಲ್ಲಿ ಗಂಡಸರೇ ಹೆಚ್ಚು, ಜಗಳ ಹೊಡೆದಾಟಗಳೂ ಅಪರಿಚಿತ ಗಂಡಸರ ಜೊತೆಗೇ ಹೆಚ್ಚು. ಇದನ್ನು ಕಂಡು ಹಾಲ್ ತೆಗೆದ ತೀರ್ಮಾನ, ಆ ಗಂಡಸು ಮಗು ಹೆದರಿದ ತಂದೆ ಎಂದು! ಯೂಂಗನ ಅನುಯಾಯಿಗೆ ಅದೇ ಮನುಷ್ಯ ನೆರಳು. 2000ದಲ್ಲಿ ಫಿನ್‌ಲೆಂಡಿನ ಆಂಟಿ ರೆವೊನ್ಸುವೊ ಮೂರನೆಯ ವಿವರಣೆ ಕೊಟ್ಟ: ಕನಸು ಅಪಾಯವನ್ನು ಎದುರಿಸುವ ತಾಲೀಮು, ಆದಿಮಾನವನಿಗೆ ಗುರುತಿಲ್ಲದ ಗಂಡಸು ನಿಜವಾದ ಅಪಾಯ. ಒಬ್ಬನೇ ಮನುಷ್ಯ, ಮೂರು ಗುರುತಿನ ಚೀಟಿ.

ಈ ಮೂರರಲ್ಲಿ ಯೂಂಗನ ಚೀಟಿಗೇ ಹೆಚ್ಚು ತೊಂದರೆ ಎಂದು ನನಗನಿಸುತ್ತದೆ. ನೆರಳು ಕನಸುಗಾರನದೇ ಲಿಂಗದ್ದಾಗಿರಬೇಕು ಎಂಬುದು ಅವನ ನಿಯಮ. ಹೆಂಗಸರ ಕನಸಿನಲ್ಲೂ ಮೈಮೇಲೆ ಬರುವ ಅಪರಿಚಿತ ಬಹುಮಟ್ಟಿಗೆ ಗಂಡಸೇ. ರೆವೊನ್ಸುವೊನ ವಿವರಣೆಗೆ ಇದು ಹೊಂದುತ್ತದೆ, ಆದರೆ ಕನಸಿನಲ್ಲಿ ಚಹಾ ಕೊಟ್ಟು ಹೋಗುವ, ಟಿಕೆಟ್ ಹರಿಯುವ, ಯಾವ ಉಪದ್ರವವೂ ಇಲ್ಲದ ಅಪರಿಚಿತರಿಗೆ ಅವನ ಬಳಿ ಜಾಗವಿಲ್ಲ. ಅಂಥವರಿಗೆ ಅರ್ಥ ಹುಡುಕುವ ಅಗತ್ಯವೇ ಇಲ್ಲದಿರಬಹುದು. ಬಸ್ಸಿನ ಕನಸಿಗೆ ಕಂಡಕ್ಟರ್ ಬೇಕು, ಅವನಿಗೊಂದು ಮುಖ ಬೇಕು, ಅಷ್ಟೆ.

ಮುಖದ ನೆನಪನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ತಮಾಷೆಯ ಉದಾಹರಣೆಯಿದೆ. ಜಗತ್ತಿನಾದ್ಯಂತ ಸಾವಿರಾರು ಜನರ ಕನಸಿಗೆ ಒಬ್ಬನೇ ಮನುಷ್ಯ ಬರುತ್ತಿದ್ದಾನೆ ಎಂದು 2008ರ ಸುಮಾರಿಗೆ ಒಂದು ಚಿತ್ರ ಹಬ್ಬಿತು: ದಪ್ಪ ಹುಬ್ಬು, ಬೋಳಾಗುತ್ತಿರುವ ತಲೆ, ಅಗಲ ತುಟಿ. ಅವನನ್ನು ತಾವೂ ಕಂಡಿದ್ದೇವೆಂದು ಎಷ್ಟೋ ಜನ ಬರೆದರು. ಅದು ಇಟಲಿಯ ಆಂಡ್ರೆಯಾ ನತೆಲ್ಲಾ ಎಂಬಾತ ಹೂಡಿದ ಆಟ. ಕಥೆಯಲ್ಲಿದ್ದ ಮನೋವೈದ್ಯನೂ ರೋಗಿಯೂ ಬರೀ ಕಲ್ಪನೆ. ಕನಸಿನ ಮುಖ ಎದ್ದ ಕೆಲವೇ ನಿಮಿಷಗಳಲ್ಲಿ ಮಸುಕಾಗುತ್ತದೆ, ಆ ಮಸುಕಿನ ಮೇಲೆ ಯಾವ ಚಿತ್ರ ಇಟ್ಟರೂ ಕೂರುತ್ತದೆ.

ಹಾಗಾದರೆ ಅಪರಿಚಿತನನ್ನೇ ನೇರವಾಗಿ ವಿಚಾರಿಸಬಾರದೇಕೆ? ತಾನು ಕನಸು ಕಾಣುತ್ತಿದ್ದೇನೆಂದು ಕನಸಿನಲ್ಲೇ ಅರಿತಿರುವ ಜನರಿದ್ದಾರೆ. ಜರ್ಮನಿಯ ಪಾಲ್ ಟೋಲಿ 1980ರ ದಶಕದಲ್ಲಿ, ಆಮೇಲೆ 2011ರಲ್ಲಿ ಟಾಡಸ್ ಸ್ಟುಂಬ್ರಿಸ್ ಮತ್ತು ಜೊತೆಗಾರರು, ಅಂಥವರಿಗೆ ಒಂದು ಕೆಲಸ ಕೊಟ್ಟರು: ಕನಸಿನಲ್ಲಿ ಸಿಕ್ಕವರಿಗೆ ಲೆಕ್ಕ ಕೇಳಿ. 2011ರ ಪ್ರಯೋಗದಲ್ಲಿ ಬಂದ ಉತ್ತರಗಳಲ್ಲಿ ಸರಿಯಿದ್ದದ್ದು ಸುಮಾರು ಮೂರರಲ್ಲಿ ಒಂದು. ಕೇಳಿದವರು ಎಚ್ಚರದಲ್ಲಿ ಸಲೀಸಾಗಿ ಮಾಡುವ ಲೆಕ್ಕಗಳೇ ಅವು. ಎದುರಿಗಿರುವವನು ನಮಗಿಂತ ಹೆಚ್ಚು ತಿಳಿದ ಜ್ಞಾನಿಯಂತೂ ಅಲ್ಲ. ಅವನ ಬಳಿ ಇರುವುದು ನಮ್ಮದೇ ಬುದ್ಧಿ, ಅದೂ ಅರೆನಿದ್ದೆಯದು.