ಬೀಟಾ ಸೇರುವ ಮುನ್ನ ಹೊರಬರುವ ದಾರಿ ನೋಡಿ

ಹೊಸ ಆಂಡ್ರಾಯ್ಡ್ ಎಲ್ಲರಿಗಿಂತ ಮೊದಲೇ ಬೇಕೆನ್ನುವ ಪಿಕ್ಸೆಲ್ ಫೋನಿನವರು ಪಡಬೇಕಾದ ಶ್ರಮ ತೀರಾ ಕಡಿಮೆ. ಗೂಗಲ್‌ನ ಆಂಡ್ರಾಯ್ಡ್ ಬೀಟಾ ಪುಟ ತೆರೆದು, ಪಟ್ಟಿಯಲ್ಲಿ ತಮ್ಮ ಫೋನನ್ನು ಆರಿಸಿ, ಷರತ್ತುಗಳಿಗೆ ಒಪ್ಪಿಗೆ ಕೊಟ್ಟರಾಯಿತು. ಮಾಮೂಲಿ ಅಪ್‌ಡೇಟ್ ಬರುವ ಹಾಗೆಯೇ ಬೀಟಾ ಬಂದು ಕೂರುತ್ತದೆ. ಫೋಟೊ, ಸಂದೇಶ, ಆ್ಯಪ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಹೊರಬರುವ ಗುಂಡಿಯೂ ಅದೇ ಪುಟದಲ್ಲಿದೆ. ಆದರೆ ಅದನ್ನು ಒತ್ತಿದ ಮೇಲೆ ಬರುವ ಅಪ್‌ಡೇಟನ್ನು ಹಾಕಿಕೊಂಡರೆ ಫೋನಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಬೀಟಾ ಹಾಕಿದರೆ ಫೋನ್ ಹ್ಯಾಂಗ್ ಆಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಅವು ಹೇಗೋ ಸಹಿಸಬಹುದಾದ ತೊಂದರೆಗಳು. ದಿನಬಳಕೆಯ ಫೋನಿಗೆ ದೊಡ್ಡ ಅಪಾಯ ಇರುವುದು ಹಿಂತಿರುಗುವ ದಾರಿಯಲ್ಲಿ.

ಮೊದಲು ಈ ಚಾನೆಲ್‌ಗಳ ವಿಷಯ. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಎಂಜಿನಿಯರುಗಳು ಬರೆದ ಹೊಸ ಕೋಡ್ ಮೊದಲು ಸೇರುವುದು ನೈಟ್ಲಿಗೆ. ಅದನ್ನು ಸಾಮಾನ್ಯವಾಗಿ ದಿನಕ್ಕೆ 2 ಸಲ ಹೊಸದಾಗಿ ಸಿದ್ಧಪಡಿಸುತ್ತಾರೆ. ಬೆಳಗ್ಗೆ ಕೆಟ್ಟದ್ದು ಸಂಜೆ ಸರಿಹೋಗಬಹುದು, ಸರಿಯಿದ್ದದ್ದು ಕೆಡಲೂಬಹುದು. ಸುಮಾರು 4 ವಾರಗಳ ಬಳಿಕ ಅದೇ ಕೋಡ್ ಬೀಟಾಕ್ಕೆ ದಾಟುತ್ತದೆ. ಅಲ್ಲಿ ಹೊಸದನ್ನು ಸೇರಿಸುವುದು ಬಹುಮಟ್ಟಿಗೆ ನಿಂತು, ದೋಷ ತಿದ್ದುವ ಕೆಲಸ ನಡೆಯುತ್ತದೆ. ಇನ್ನೂ 4 ವಾರ ಕಳೆದರೆ ನಮ್ಮನಿಮ್ಮೆಲ್ಲರ ಕೈಗೆ ಬರುವ ಸ್ಟೇಬಲ್. ಮೂರರಲ್ಲೂ ಇರುವುದು ಒಂದೇ ತಂತ್ರಾಂಶ, ಬೇರೆ ಬೇರೆ ವಯಸ್ಸಿನಲ್ಲಿ.

ಹಾಗಾದರೆ ಬೀಟಾದಿಂದ ಸ್ಟೇಬಲ್‌ಗೆ ಇಳಿಯಲು ಏನು ಅಡ್ಡಿ? ತಂತ್ರಾಂಶವನ್ನು ಬದಲಿಸುವುದು ಸುಲಭವೇ, ತೊಡಕಿರುವುದು ನಮ್ಮ ಮಾಹಿತಿಯಲ್ಲಿ. ಸಂದೇಶ, ಸಂಪರ್ಕ, ಸೆಟ್ಟಿಂಗ್ ಎಲ್ಲವನ್ನೂ ಫೋನ್ ಪುಟ್ಟ ಪುಟ್ಟ ಡೇಟಾಬೇಸ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ಪ್ರತಿ ಡೇಟಾಬೇಸ್‌ಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಹೊಸ ತಂತ್ರಾಂಶ ಮೊದಲ ಸಲ ತೆರೆದುಕೊಂಡಾಗ ಹಳೆಯ ಡೇಟಾಬೇಸನ್ನು ತನ್ನ ರೂಪಕ್ಕೆ ಮಾರ್ಪಡಿಸಿ ಆ ಸಂಖ್ಯೆಯನ್ನು ಏರಿಸುತ್ತದೆ. ಹೆಪ್ಪು ಹಾಕಿದ ಹಾಲಿನ ಹಾಗೆ ಅದು ಒಮ್ಮುಖದ ಬದಲಾವಣೆ. ಹಳೆಯದು ಹೊಸದಾಗುವ ವಿಧಾನವನ್ನು ಪ್ರೋಗ್ರಾಮರುಗಳು ಬರೆದಿರುತ್ತಾರೆ. ಹೊಸದು ಹಳೆಯದಾಗುವ ವಿಧಾನವನ್ನು ಬರೆಯುವವರು ಅಪರೂಪ. ಆಂಡ್ರಾಯ್ಡ್‌ನಲ್ಲಂತೂ, ಪ್ರೋಗ್ರಾಮರ್ ಬೇರೆ ವ್ಯವಸ್ಥೆ ಮಾಡದಿದ್ದರೆ, ಹಳೆಯ ಆ್ಯಪ್ ತನಗಿಂತ ದೊಡ್ಡ ಸಂಖ್ಯೆಯ ಡೇಟಾಬೇಸ್ ಕಂಡೊಡನೆ ಈ ದೋಷ ತೋರಿಸಿ ನಿಂತುಬಿಡುತ್ತದೆ:

```
Can't downgrade database from version 5 to 4
```

ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ, ಅದು ಬೇಕೆಂದೇ ಮಾಡಿದ್ದು. ಇಂದಿನ ಆಂಡ್ರಾಯ್ಡ್ ಫೋನ್ ನಮ್ಮ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುತ್ತದೆ. ಅದನ್ನು ತೆರೆಯುವ ಕೀಲಿಗಳನ್ನು ಕಾಯುವುದು ಫೋನಿನೊಳಗಿನ ಒಂದು ಸುರಕ್ಷಿತ ಭಾಗ. ಆ ಕೀಲಿಗಳಿಗೆ ಆಂಡ್ರಾಯ್ಡ್ ಆವೃತ್ತಿಯನ್ನೂ ಸುರಕ್ಷತಾ ಪ್ಯಾಚ್‌ನ ಮಟ್ಟವನ್ನೂ ಕಟ್ಟಿಹಾಕಲಾಗಿದೆ. ಫೋನ್ ಮೇಲಿನ ಆವೃತ್ತಿಗೆ ಹೋದಾಗ ಕೀಲಿಗಳೂ ಮೇಲೇರುತ್ತವೆ, ಅವುಗಳ ಹಳೆಯ ರೂಪ ಅಮಾನ್ಯವಾಗುತ್ತದೆ. ಫೋನ್ ಕೆಳಗಿಳಿದರೆ ಕೀಲಿ ಕೆಲಸ ಮಾಡುವುದಿಲ್ಲ. ಇದು ಕಳ್ಳರನ್ನು ತಡೆಯಲು ಇಟ್ಟ ಏರ್ಪಾಡು. ಕದ್ದ ಫೋನಿಗೆ ದೋಷ ತಿದ್ದದ ಹಳೆಯ ಆಂಡ್ರಾಯ್ಡ್ ಹಾಕಿ, ಆ ದೋಷದ ಮೂಲಕವೇ ಒಳಹೊಕ್ಕು ಮಾಹಿತಿ ತೆಗೆಯಬಾರದಲ್ಲ! ಬೀಟಾ ಸಾಕೆನಿಸಿ ಇಳಿಯಲು ಬಂದ ಮಾಲೀಕರಿಗೂ ಅದೇ ಬೀಗ ಎದುರಾಗುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡುವುದೊಂದೇ ಉಳಿದ ದಾರಿ.

ಬ್ಯಾಕಪ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರು ಇನ್ನೊಂದು ಮಾತು ತಿಳಿದಿರಬೇಕು. ಮೇಲಿನ ಆಂಡ್ರಾಯ್ಡ್‌ನಲ್ಲಿ ತೆಗೆದ ಗೂಗಲ್ ಬ್ಯಾಕಪ್ಪನ್ನು ಕೆಳಗಿನ ಆಂಡ್ರಾಯ್ಡ್ ಇರುವ ಫೋನಿಗೆ ಮರಳಿ ತುಂಬಲಾಗದು. ಆಂಡ್ರಾಯ್ಡ್ 16ರ ಬೀಟಾದಲ್ಲಿ 2 ತಿಂಗಳಿದ್ದು 15ಕ್ಕೆ ಇಳಿದವರಿಗೆ ಆ 2 ತಿಂಗಳ ಬ್ಯಾಕಪ್ ಇದ್ದೂ ಕೆಲಸಕ್ಕೆ ಬಾರದು. ಐಫೋನಿನಲ್ಲೂ ಇದೇ ಕಥೆ. ಬೀಟಾ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆದು ಬೇರೆ ಇಡಿ ಎಂದು ಆಪಲ್ ಹೇಳುವುದು ಅದಕ್ಕೇ. ಫೋಟೊಗಳು ಕ್ಲೌಡ್‌ನಲ್ಲಿ ಇದ್ದರೆ ಉಳಿಯುತ್ತವೆ. ಕಷ್ಟ ಆಗುವುದು ಫೋನಿನಲ್ಲಿ ಮಾತ್ರ ಇರುವಂಥವಕ್ಕೆ: ಕರೆಗಳ ರೆಕಾರ್ಡಿಂಗ್, ಬ್ಯಾಕಪ್ ಮಾಡದ ವಾಟ್ಸ್‌ಆ್ಯಪ್ ಮಾತುಕತೆ, ಖಾತೆಗಳಿಗೆ ಲಾಗಿನ್ ಆಗಲು ಬೇಕಾದ ಅಥೆಂಟಿಕೇಟರ್ ಆ್ಯಪ್‌ನ ಗುಟ್ಟಿನ ಕೋಡ್‌ಗಳು. ಯುಪಿಐ ಆ್ಯಪ್‌ಗಳಲ್ಲಿ ಮತ್ತೆ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ನೋಂದಾಯಿಸಿಕೊಳ್ಳಬೇಕು. ತರಕಾರಿಯಿಂದ ಬಸ್ ಟಿಕೆಟ್‌ವರೆಗೆ ಎಲ್ಲಕ್ಕೂ ಅದೇ ಫೋನ್ ಹಿಡಿಯುವವರಿಗೆ ಇದು ಸಣ್ಣ ಕೆಲಸವಲ್ಲ.

ಏನನ್ನೂ ಅಳಿಸದೆ ಹೊರಬರಲು ಒಂದು ಕಿಂಡಿ ಇದೆ. ಕಾರ್ಯಕ್ರಮದಿಂದ ಹೆಸರು ತೆಗೆಸಿ, ಆಮೇಲೆ ಬರುವ ಹಿಂದಿರುಗಿಸುವ ಅಪ್‌ಡೇಟನ್ನು ಮುಟ್ಟದೆ, ಅದೇ ಆವೃತ್ತಿಯ ಸ್ಟೇಬಲ್ ಬಿಡುಗಡೆಯಾಗುವವರೆಗೆ ಕಾಯುವುದು. ಆಗ ಫೋನ್ ಕೆಳಗಿಳಿಯದೆ ಮುಂದಕ್ಕೇ ಹೋಗುತ್ತದೆ, ಕೀಲಿಗಳಿಗೂ ತಕರಾರಿಲ್ಲ. ಆದರೆ ಆ ಕಿಂಡಿ ಎಷ್ಟು ಕಿರಿದು ಎನ್ನುವುದಕ್ಕೆ 2025ರ ಕ್ಯಾಲೆಂಡರ್ ನೋಡಬೇಕು. ಆಂಡ್ರಾಯ್ಡ್ 16ರ ಮೊದಲ ಬೀಟಾ ಬಂದದ್ದು ಜನವರಿಯಲ್ಲಿ, 4ನೆಯದು ಏಪ್ರಿಲ್‌ನಲ್ಲಿ. ಸ್ಟೇಬಲ್ ಬಂದದ್ದು ಜೂನ್ 10ಕ್ಕೆ. ಏಪ್ರಿಲ್‌ನ ಬೀಟಾದಲ್ಲಿದ್ದವರು ಸುಮ್ಮನೆ ಜೂನ್‌ವರೆಗೆ ಕಾಯಬಹುದಿತ್ತು. ಆದರೆ ಅದಕ್ಕೂ ಮೊದಲು, ಮೇ 20ರಂದೇ, ಗೂಗಲ್ ಮುಂದಿನ ತ್ರೈಮಾಸಿಕ ಕಂತಿನ ಬೀಟಾವನ್ನು ಅದೇ ಕಾರ್ಯಕ್ರಮದಲ್ಲಿ ಬಿಟ್ಟಿತು. ಹೆಸರು ತೆಗೆಸದೆ ಇದ್ದವರ ಫೋನಿಗೆ ಅದು ಮಾಮೂಲಿ ಅಪ್‌ಡೇಟ್‌ನಂತೆ ಬಂತು. ಹಾಕಿಕೊಂಡವರು ಜೂನ್‌ನ ಸ್ಟೇಬಲನ್ನು ಆಗಲೇ ದಾಟಿಬಿಟ್ಟಿದ್ದರು. ಅಳಿಸದೆ ಹೊರಬರಲು ಅವರು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಆಗಸ್ಟ್‌ನಲ್ಲಿ ಅದರ ಮುಂದಿನ ಕಂತಿನ ಬೀಟಾ ಬಂದಾಗ ಅದೇ ಬಲೆ ಮತ್ತೆ ಹರಡಿತ್ತು. ಹೊರಬರಲು ಮನಸ್ಸು ಮಾಡಿ ಕಾಯುವವರ ಫೋನಿಗೆ ಆ ವಾರಗಳಲ್ಲಿ ಸುರಕ್ಷತಾ ಪ್ಯಾಚ್‌ಗಳೂ ಬರುವುದಿಲ್ಲ. ಹಾಗಾಗಿ ಬೀಟಾ ಸೇರುವ ದಿನವೇ ಮುಂದಿನ ಸ್ಟೇಬಲ್ ಯಾವ ತಿಂಗಳು ಎಂದು ತಿಳಿದುಕೊಳ್ಳಿ, ಅಲ್ಲಿಯವರೆಗೆ ಬರುವ ಪ್ರತಿ ಅಪ್‌ಡೇಟ್‌ನ ಹೆಸರನ್ನೂ ಓದಿಯೇ ಒಪ್ಪಿಕೊಳ್ಳಿ.

ಒಂದೇ ಆ್ಯಪ್‌ನ ಬೀಟಾ ಇಷ್ಟು ದುಬಾರಿಯಲ್ಲ. ಫೈರ್‌ಫಾಕ್ಸ್ ನೈಟ್ಲಿ ಬೇರೆಯೇ ಆ್ಯಪ್ ಆಗಿ, ಬೇರೆಯೇ ಐಕಾನಿನೊಂದಿಗೆ ಫೋನಿನಲ್ಲಿ ಕೂರುತ್ತದೆ. ಬೇಡವಾದ ದಿನ ತೆಗೆದುಹಾಕಬಹುದು. ಕಂಪ್ಯೂಟರಿನಲ್ಲೂ 2019ರ 67ನೇ ಆವೃತ್ತಿಯಿಂದ ಹೀಗೆ ಬೇರೆಯಾಗಿ ಹಾಕಿಕೊಂಡ ಫೈರ್‌ಫಾಕ್ಸ್‌ಗಳು ತಮ್ಮ ಮಾಹಿತಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತವೆ. ಎರಡರಲ್ಲೂ ಒಂದೇ ಖಾತೆಯಿಂದ ಸಿಂಕ್ ಮಾಡಿದರೆ ಮಾತ್ರ ಆ ಗೋಡೆ ತೆಳ್ಳಗಾಗುತ್ತದೆ, ಏಕೆಂದರೆ ನೈಟ್ಲಿಯಲ್ಲಿ ಅಳಿದ ಬುಕ್‌ಮಾರ್ಕ್ ಸ್ಟೇಬಲ್‌ನಲ್ಲೂ ಅಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ ಕನ್ನಡಿಗರು ಬೀಟಾದಿಂದ ದೂರ ಉಳಿಯಬೇಕೆಂಬುದು ನನ್ನ ಮಾತಲ್ಲ. 2018ರ ಫೆಬ್ರವರಿಯಲ್ಲಿ ಐಫೋನಿಗೆ ತೆಲುಗಿನ 'ಜ್ಞಾ' ಅಕ್ಷರ ಸಂದೇಶವಾಗಿ ಬಂದರೆ ಸಾಕು, ಅದನ್ನು ತೋರಿಸಲು ಹೋದ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು. ಅದು ಸ್ಟೇಬಲ್‌ನಲ್ಲೇ ಇದ್ದ ದೋಷ. ಆಗ ನಡೆಯುತ್ತಿದ್ದ 11.3ರ ಬೀಟಾದಲ್ಲಿ ಇರಲಿಲ್ಲ. ಕೊನೆಗೆ ಆಪಲ್ 11.2.6 ಎಂಬ ಅಪ್‌ಡೇಟ್ ಬಿಟ್ಟು ಸರಿಪಡಿಸಿತು. ಒತ್ತಕ್ಷರಗಳಿರುವ ನಮ್ಮ ಲಿಪಿಗಳಲ್ಲಿ ಇಂಥವು ಬಿಡುಗಡೆಗೆ ಮೊದಲೇ ಸಿಗಬೇಕಾದರೆ ಆ ಲಿಪಿಯಲ್ಲಿ ದಿನವೂ ಬರೆಯುವವರು ಬೀಟಾದಲ್ಲಿ ಇರಬೇಕು. ಮನೆಯಲ್ಲಿ ಬಿಡುವಾಗಿರುವ ಫೋನಿದ್ದರೆ, ಬ್ಯಾಂಕಿನ ಸಿಮ್ ಹಾಕದೆ, ಅದರಲ್ಲಿ ಬೀಟಾ ಹಾಕಿಕೊಂಡು ಕನ್ನಡದಲ್ಲಿ ಬರೆಯಿರಿ, ಓದಿ. ಒತ್ತು ಕಳಚಿದ್ದೋ ಕೀಬೋರ್ಡ್ ನಿಂತದ್ದೋ ಕಂಡರೆ ಅದರ ಸ್ಕ್ರೀನ್‌ಶಾಟ್, ಸೆಟ್ಟಿಂಗ್ಸ್‌ನಲ್ಲಿ ಕಾಣುವ ಬಿಲ್ಡ್ ನಂಬರ್, ಯಾವ ಆ್ಯಪ್‌ನಲ್ಲಿ ಯಾವ ಪದ ಬರೆಯುವಾಗ ಆಯಿತು ಎಂಬ ವಿವರ, ಈ ಮೂರನ್ನು ಫೀಡ್‌ಬ್ಯಾಕ್ ಆ್ಯಪ್‌ನಲ್ಲಿ ಕಳಿಸಿದರೆ ಕನ್ನಡ ಓದಲು ಬಾರದ ಎಂಜಿನಿಯರ್ ಕೂಡ ಅದೇ ದೋಷವನ್ನು ತನ್ನ ಮೇಜಿನ ಮೇಲೆ ಮತ್ತೆ ಹುಟ್ಟಿಸಿ ನೋಡಬಲ್ಲ.