ಬೆಟ್ಟದ ಮಂಜು, ಎರಡು ಕಡಲುಗಳ ಮಳೆ

ಆಷಾಢದ ದಿನಗಳಲ್ಲಿ ಗುಂಡ್ಲುಪೇಟೆಯಿಂದ ಹಂಗಳದ ಮಾರ್ಗವಾಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೇರಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ತಪ್ಪಲಿನ ಹೊಲಗಳಲ್ಲಿ ಬಿಸಿಲಿರುವಾಗಲೂ ತುದಿಯಲ್ಲಿ ಮಂಜು ಕವಿದು, ಪಡುವಣ ಗಾಳಿ ರಭಸದಿಂದ ಬೀಸುತ್ತಿರುತ್ತದೆ. ಮೇಲೆ ಇಷ್ಟೊಂದು ತೇವವಿದ್ದೂ ಕೆಳಗಿನ ರೈತ ಆಕಾಶ ನೋಡುತ್ತ ನಿಲ್ಲಬೇಕಾದುದೇಕೆ? ಉತ್ತರಕ್ಕಾಗಿ ನಾವು ಆ ಗಾಳಿಯ ತವರನ್ನು ಅರಸಿ ಹೋಗಬೇಕು.

ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಮೇ ತಿಂಗಳ ವೇಳೆಗೆ ಉತ್ತರ ಭಾರತದ ನೆಲವೂ ಟಿಬೆಟ್ಟಿನ ಪ್ರಸ್ಥಭೂಮಿಯೂ ಕಾದು, ಅಲ್ಲಿನ ಗಾಳಿ ಹಗುರವಾಗಿ ಮೇಲೇರಿ, ಒತ್ತಡ ತಗ್ಗುತ್ತದೆ. ಅದೇ ಸಮಯದಲ್ಲಿ ಸಮಭಾಜಕ ವೃತ್ತದ ದಕ್ಷಿಣಕ್ಕೆ ಚಳಿಗಾಲ. ಮಡಗಾಸ್ಕರ್ ದ್ವೀಪದ ಪೂರ್ವಕ್ಕಿರುವ ಕಡಲಿನ ಮೇಲೆ ಒತ್ತಡ ಹೆಚ್ಚು. ಅಲ್ಲಿಂದ ಹೊರಟ ಗಾಳಿ ವೃತ್ತವನ್ನು ದಾಟಿದೊಡನೆ, ಭೂಮಿಯ ತಿರುಗುವಿಕೆಯಿಂದಾಗಿ ತನ್ನ ಬಲಕ್ಕೆ ಬಾಗಿ ನೈರುತ್ಯ ಮಾರುತವಾಗುತ್ತದೆ. ಪೂರ್ವ ಆಫ್ರಿಕದ ಎತ್ತರದ ನೆಲ ಅದಕ್ಕೆ ಗೋಡೆಯಂತೆ ನಿಂತು, ಸೊಮಾಲಿಯಾ ತೀರದ ಬಳಿ ಅದನ್ನು ವೇಗದ ಹೊಳೆಯಾಗಿಸುತ್ತದೆ. ಅರಬ್ಬೀ ಸಮುದ್ರದ ಮೇಲೆ ಹರಿಯುತ್ತ ನೀರಾವಿ ಹೀರುವ ಈ ಹೊಳೆ ಅತ್ಯಂತ ರಭಸವಾಗಿರುವುದು ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ. ನಮ್ಮ ಬೆಟ್ಟದ ಎತ್ತರ 1454 ಮೀಟರು. ಅಂದರೆ ಬೆಟ್ಟದ ತುದಿ ಆ ಹೊಳೆಯ ಮಟ್ಟದಲ್ಲೇ ನಿಂತಿದೆ.

ಆದರೆ ಗಾಳಿ ಇಲ್ಲಿಗೆ ತಲುಪುವ ಮುನ್ನ ವಯನಾಡು ಮತ್ತು ನೀಲಗಿರಿಯ ಸಾಲುಗಳನ್ನು ಹತ್ತಬೇಕು. ಹತ್ತುವಾಗ ತಂಪಾಗಿ ತನ್ನ ನೀರನ್ನೆಲ್ಲ ಅಲ್ಲಿಯೇ ಸುರಿಸುತ್ತದೆ. ಇತ್ತ ಇಳಿಯುವಾಗ ಬಿಸಿಯೇರಿ, ಮೋಡ ಕರಗುತ್ತದೆ. ಉಳಿದಷ್ಟು ತೇವ ಬೆಟ್ಟದ ನೆತ್ತಿಯಲ್ಲಿ ಮಂಜಾಗುತ್ತದೆ. ಗುಂಡ್ಲುಪೇಟೆಯ ಬಯಲು ಮಳೆಯ ನೆರಳಿನಲ್ಲಿ ಉಳಿಯುತ್ತದೆ.

ಒಂದೇ ಗಾಳಿಯಾದರೂ ಎಲ್ಲ ಕರಾವಳಿಗೂ ಒಂದೇ ದಿನ ಮಳೆ ಬರುವುದಿಲ್ಲ. ಜೂನ್ ಆರಂಭದಲ್ಲಿ ತೇವದ ಗಾಳಿ ದಪ್ಪವಾಗಿ ತುಂಬಿರುವುದು ದಕ್ಷಿಣದಲ್ಲಿ ಮಾತ್ರ. ಉತ್ತರದ ಕಡಲಿನ ಮೇಲೆ ಇನ್ನೂ ಒಣಗಾಳಿಯ ಪದರವಿದ್ದು, ಮೋಡವನ್ನು ಮೇಲೇಳಗೊಡದು. ಆ ಪದರ ಹಿಂದೆ ಸರಿದಂತೆ ಮುಂಗಾರು ಮುಂದೆ ಸಾಗುತ್ತದೆ. ವಾಡಿಕೆಯಂತೆ ಕೇರಳಕ್ಕೆ ಜೂನ್ 1, ನಮ್ಮ ಕರಾವಳಿಗೆ ನಾಲ್ಕೈದು ದಿನಗಳ ಅನಂತರ, ಮುಂಬಯಿಗೆ ಜೂನ್ 11.

ವಾಡಿಕೆ ತಪ್ಪುವುದೂ ಉಂಟು. 2023ರ ಜೂನ್ ಮೊದಲ ವಾರದಲ್ಲಿ ಅರಬ್ಬೀ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು, ತೇವವನ್ನು ತನ್ನತ್ತ ಸೆಳೆದುಕೊಂಡಿತು. ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ರಂದು. ಮುಂಬಯಿ ಜೂನ್ 25ರವರೆಗೆ ಕಾಯಬೇಕಾಯಿತು. ಅದೇ ದಿನ ದೂರದ ದೆಹಲಿಗೂ ಮುಂಗಾರು ಕಾಲಿಟ್ಟಿತು! ಸಾಲು ತಪ್ಪಿ ಬಂದ ಅತಿಥಿಯಂತೆ.

ಮದ್ರಾಸಿನ ಕಡೆಯ ಚೋಳಮಂಡಲ ಕರಾವಳಿಯ ಕಥೆ ಬೇರೆ. ಘಟ್ಟಗಳ ಹಿಂದಿರುವ ಆ ತೀರಕ್ಕೆ ಮುಂಗಾರು ಒಣಗಿಯೇ ತಲುಪುತ್ತದೆ. ಅಕ್ಟೋಬರಿನಲ್ಲಿ ಉತ್ತರದ ನೆಲ ತಂಪಾಗಿ, ಕಡಿಮೆ ಒತ್ತಡದ ಪಟ್ಟಿ ಬಂಗಾಳ ಕೊಲ್ಲಿಯ ದಕ್ಷಿಣಕ್ಕೆ ಜಾರಿದಾಗ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಕೊಲ್ಲಿಯ ನೀರು ಹೀರಿ ಬರುವ ಆ ಗಾಳಿಯೇ ಹಿಂಗಾರು. ಅದರ ಅಂಚು ಚಾಮರಾಜನಗರದ ಹೊಲಗಳಿಗೂ ತಾಗುತ್ತದೆ. ಆದುದರಿಂದಲೇ ಈ ಸೀಮೆಗೆ ನೆಚ್ಚಿನ ಮಳೆಗಳು ಎರಡು ಕಾಲದವು: ಮೇ ತಿಂಗಳ ಭರಣಿ-ಕೃತ್ತಿಕೆಗಳ ಗುಡುಗುಮಳೆ, ಸೆಪ್ಟೆಂಬರ್-ಅಕ್ಟೋಬರಿನ ಮಳೆ.

ಇಲ್ಲಿಯೇ ರೈತ ಮೋಸಹೋಗುವುದು. ಮೇ ತಿಂಗಳ ಒಂದು ಜೋರು ಮಳೆಯನ್ನು ಮುಂಗಾರೆಂದು ನಂಬಿ ಬಿತ್ತಿದರೆ, ಮುಂದೆ ವಾರಗಟ್ಟಲೆ ಬರಿಯ ಗಾಳಿ ಬೀಸಿ ಮೊಳಕೆ ಒಣಗಬಹುದು. ಗುರುತು ಹೀಗೆ: ಮುಂಗಾರಿಗೆ ಮುನ್ನಿನ ಮಳೆ ಸುಡುಬಿಸಿಲಿನ ಅನಂತರ ಸಂಜೆಯಲ್ಲಿ, ಗುಡುಗು ಮಿಂಚಿನೊಡನೆ ಬಂದು, ಗಳಿಗೆಯಲ್ಲಿ ಮುಗಿಯುತ್ತದೆ. ನಿಜವಾದ ಮುಂಗಾರಿನಲ್ಲಿ ಪಡುವಣ ಗಾಳಿ ಹಗಲಿರುಳೂ ನಿಲ್ಲದೆ ಬೀಸುತ್ತದೆ, ಮೋಡ ತಗ್ಗಿನಲ್ಲಿ ಓಡುತ್ತದೆ, ಗುಡುಗು ವಿರಳ. ಹವಾಮಾನ ಇಲಾಖೆಯೂ ಒಂದೇ ಮಳೆಯನ್ನು ನಂಬುವುದಿಲ್ಲ. ಮೇ 10ರ ಅನಂತರ, ಮಂಗಳೂರೂ ಸೇರಿದಂತೆ ಗೊತ್ತುಪಡಿಸಿದ 14 ಕೇಂದ್ರಗಳಲ್ಲಿ ನೂರಕ್ಕೆ ಅರವತ್ತರಷ್ಟಾದರೂ ಕಡೆ, ಸತತ ಎರಡು ದಿನ 2.5 ಮಿಲಿಮೀಟರಿಗೆ ಕಡಿಮೆಯಿಲ್ಲದೆ ಮಳೆ ಬೀಳಬೇಕು; ಪಡುವಣ ಗಾಳಿಯ ದಪ್ಪವೂ ಮೋಡದ ಎತ್ತರವೂ ಹೊಂದಬೇಕು. ಆಗಲೇ ಕೇರಳಕ್ಕೆ ಮುಂಗಾರು ಬಂತೆಂದು ಸಾರುತ್ತಾರೆ.

ಆ ಸುದ್ದಿ ಬಂದಾಗ ನಾವು ನೆನಪಿಡಬೇಕಾದ ಮಾತೊಂದಿದೆ. ಅದು ಪಡುವಣ ಕರಾವಳಿಯ ಮಳೆಯ ವಾರ್ತೆ. ಗುಂಡ್ಲುಪೇಟೆಯ ಬಯಲಿಗೆ ಅದು ಬಹುಮಟ್ಟಿಗೆ ಗಾಳಿಯ ವಾರ್ತೆ. ಬೆಟ್ಟದ ಮೇಲೆ ಮಂಜು ಕಂಡು ಬೀಜದ ಚೀಲ ಬಿಚ್ಚುವ ಮುನ್ನ, ನೆಲ ಎಷ್ಟು ಆಳಕ್ಕೆ ನೆನೆದಿದೆ ಎಂದು ಕೈಯಾರೆ ತೋಡಿ ನೋಡುವುದೇ ಲೇಸು.