ಮಾತ್ರೆ ಹೆಚ್ಚಿಸಿದಷ್ಟೂ ದೂರವಾಗುವ ನಿದ್ದೆ

ಗಂಡ ತೀರಿಕೊಂಡ ಮೇಲೆ ನಿದ್ದೆ ಕಳೆದುಕೊಂಡ, ಅರವತ್ತು ದಾಟಿದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ವೈದ್ಯರು ಹತ್ತು ದಿನಕ್ಕೆಂದು 0.25 ಮಿಲಿಗ್ರಾಂನ ಆಲ್ಪ್ರಜೋಲಾಮ್ ಬರೆದುಕೊಡುತ್ತಾರೆ. ಮೊದಲ ರಾತ್ರಿಯೇ ಹತ್ತಕ್ಕೆ ಮಲಗಿದವರು ಬೆಳಗಿನ ಆರಕ್ಕೆ ಏಳುತ್ತಾರೆ. ಹತ್ತು ದಿನ ಕಳೆದರೂ ಮಾತ್ರೆ ನಿಲ್ಲುವುದಿಲ್ಲ, ಹಳೆಯ ಚೀಟಿಯಲ್ಲೇ ಮತ್ತೊಂದು ಸ್ಟ್ರಿಪ್ ಮನೆಗೆ ಬರುತ್ತದೆ. ಮೂರು ನಾಲ್ಕು ವಾರಗಳಲ್ಲಿ ರಾತ್ರಿ ಮೂರಕ್ಕೇ ಎಚ್ಚರವಾಗತೊಡಗುತ್ತದೆ. ಅವರು ಎರಡು ಮಾತ್ರೆ ನುಂಗುತ್ತಾರೆ. ನಿದ್ದೆ ಮರಳುತ್ತದೆ, ಕೆಲವು ವಾರಗಳ ಮಟ್ಟಿಗೆ. ವರ್ಷ ತುಂಬುವ ಹೊತ್ತಿಗೆ ಡೋಸ್ 1 ಮಿಲಿಗ್ರಾಂ ಆಗಿರುತ್ತದೆ, ನಿದ್ದೆ ಮಾತ್ರ ಮೊದಲಿನಷ್ಟೇ ಕೆಟ್ಟಿರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ.

ಮಾತ್ರೆ ಕಳಪೆಯಾಗಿದ್ದರಿಂದ ಹೀಗಾಗುವುದಿಲ್ಲ. ಬದಲಾದದ್ದು ಮಿದುಳು. ಮಿದುಳಿನ ಚಟುವಟಿಕೆಯನ್ನು ತಣ್ಣಗಾಗಿಸಲು ಗಾಬಾ ಎಂಬ ರಾಸಾಯನಿಕ ನಮ್ಮಲ್ಲೇ ಇದೆ. ಅದು ವಾಹನದ ಬ್ರೇಕಿನಂತೆ. ನರಕೋಶದ ಮೇಲಿರುವ ಗ್ರಾಹಕಕ್ಕೆ ಗಾಬಾ ಅಂಟಿಕೊಂಡಾಗ ಆ ಕೋಶ ಸುಮ್ಮನಾಗುತ್ತದೆ. ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್, ನೈಟ್ರಾಜೆಪಾಮ್‌ನಂಥ ಮಾತ್ರೆಗಳು ಅದೇ ಗ್ರಾಹಕದ ಇನ್ನೊಂದು ಜಾಗದಲ್ಲಿ ಕುಳಿತು ಗಾಬಾದ ಕೆಲಸವನ್ನು ಬಲಪಡಿಸುತ್ತವೆ. ಅಂದರೆ ಬ್ರೇಕನ್ನು ಇನ್ನಷ್ಟು ಒತ್ತುತ್ತವೆ.

ಪ್ರತಿರಾತ್ರಿ ಬ್ರೇಕ್ ಒತ್ತುತ್ತಲೇ ಇದ್ದರೆ ಮಿದುಳು ಸುಮ್ಮನಿರುವುದಿಲ್ಲ. ವಾರಗಳು ಕಳೆದಂತೆ ಆ ಗ್ರಾಹಕಗಳು ಮಾತ್ರೆಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಜೊತೆಗೆ, ಮಿದುಳನ್ನು ಎಚ್ಚರವಾಗಿಡುವ ಗ್ಲುಟಮೇಟ್ ವ್ಯವಸ್ಥೆ ಚುರುಕಾಗುತ್ತದೆ. ಬ್ರೇಕ್ ಸಡಿಲ, ಆಕ್ಸಿಲರೇಟರ್ ಬಿಗಿ. ಈಗ ಮಾತ್ರೆಯ ಅರ್ಧ ಶಕ್ತಿ ಈ ಬದಲಾವಣೆಯನ್ನು ಸರಿದೂಗಿಸುವುದರಲ್ಲೇ ಮುಗಿದುಹೋಗುತ್ತದೆ. ಡೋಸ್ ಹೆಚ್ಚಿಸಿದಾಗ ಕೆಲವು ದಿನ ನಿದ್ದೆ ಬರುತ್ತದೆ ನಿಜ, ಆದರೆ ಮಿದುಳು ಹೊಸ ಡೋಸಿಗೂ ಅದೇ ರೀತಿ ಹೊಂದಿಕೊಳ್ಳುತ್ತದೆ. ಈ ಕಾರಣಕ್ಕೇ ಇಂಥ ಮಾತ್ರೆಗಳನ್ನು ನಿದ್ದೆಗಾಗಿ ಕೊಡುವುದಾದರೆ ಎರಡರಿಂದ ನಾಲ್ಕು ವಾರ ಮೀರಬಾರದು ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು.

ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ, ಬಹಳ ಜನರಿಗೆ ಗೊತ್ತಿಲ್ಲದ್ದು. ಮಾತ್ರೆಯ ಎಲ್ಲ ಪರಿಣಾಮಗಳೂ ಒಂದೇ ವೇಗದಲ್ಲಿ ಕುಂದುವುದಿಲ್ಲ. ನಿದ್ದೆ ತರಿಸುವ ಗುಣ ಬೇಗ ಕುಂದುತ್ತದೆ. ನೆನಪನ್ನು ಮಂಕು ಮಾಡುವ ಗುಣ ಅಷ್ಟಾಗಿ ಕುಂದುವುದಿಲ್ಲ. ಡೋಸ್ ಏರಿದಂತೆ ಸಿಗುವ ನಿದ್ದೆ ಅಷ್ಟಕ್ಕಷ್ಟೇ, ಮರೆವು ಮತ್ತು ತೂರಾಟ ಮಾತ್ರ ಹೆಚ್ಚು. ರಕ್ತದಲ್ಲಿನ ಆಲ್ಪ್ರಜೋಲಾಮ್ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕಾಲು ತಡವರಿಸಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಈ ವಯಸ್ಸಿನಲ್ಲಿ ದೊಡ್ಡದು. ಮನೆಯವರು ಇದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿಬಿಡುತ್ತಾರೆ. ಮದ್ಯವಾಗಲಿ ಟ್ರಮಡಾಲ್‌ನಂಥ ನೋವಿನ ಮಾತ್ರೆಯಾಗಲಿ ಇದರ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಈ ಬಲೆಯನ್ನು ಬಿಗಿಗೊಳಿಸುವ ಕೊನೆಯ ಗಂಟು ಇನ್ನೊಂದು. ಆ ತಾಯಿ ಮಗಳ ಮನೆಗೆ ಹೋದಾಗ ಮಾತ್ರೆ ಮರೆತರೆನ್ನಿ. ಎರಡು ರಾತ್ರಿ ಒಂದು ಚೂರೂ ನಿದ್ದೆಯಿಲ್ಲ, ಎದೆ ಡವಡವ, ಕೈನಡುಕ, ಬೆವರು. "ನೋಡು, ಮಾತ್ರೆಯಿಲ್ಲದೆ ನನಗೆ ನಿದ್ದೆಯೇ ಬರಲ್ಲ ಕಣೇ" ಎನ್ನುತ್ತಾರೆ. ಅದು ಅವರ ಹಳೆಯ ನಿದ್ರಾಹೀನತೆಯಲ್ಲ. ಮಾತ್ರೆಗೆ ಒಗ್ಗಿದ ಮಿದುಳಿನಿಂದ ಮಾತ್ರೆ ಹಠಾತ್ತನೆ ದೂರವಾದಾಗ ಮರುಕಳಿಸುವ, ಮೊದಲಿಗಿಂತ ಕೆಟ್ಟ ಎಚ್ಚರ. ಇದನ್ನು ರೋಗವೆಂದು ತಪ್ಪು ತಿಳಿದವರು ಮತ್ತೆ ಡೋಸ್ ಏರಿಸುತ್ತಾರೆ.

ಹಾಗೆಂದು ಈ ಲೇಖನ ಓದಿ ಇಂದೇ ಮಾತ್ರೆ ಎಸೆಯಬೇಡಿ, ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಇಳಿಸುವುದು ನಿಧಾನದ ಕೆಲಸ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಆಗಿನ ಡೋಸಿನ ಶೇ 5ರಿಂದ 10ರಷ್ಟನ್ನು ಮಾತ್ರ ಕಡಿಮೆ ಮಾಡುತ್ತಾರೆ. 1 ಮಿಲಿಗ್ರಾಂ ನುಂಗುವವರು ಒಂದು 0.25ರ ಮಾತ್ರೆ ಬಿಟ್ಟರೆ ಒಮ್ಮೆಲೇ ಶೇ 25ರಷ್ಟು ಕುಸಿದಂತಾಯಿತು. ಹೀಗಾಗಿ ಮಾತ್ರೆಯನ್ನು ತುಂಡು ಮಾಡುವುದೋ, ದೇಹದಿಂದ ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಿಸುವುದೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ತಿಂಗಳುಗಳೇ ಹಿಡಿಯುತ್ತವೆ, ನಡುವೆ ಕೆಟ್ಟ ರಾತ್ರಿಗಳೂ ಬರುತ್ತವೆ. ಇದರ ಜೊತೆಗೆ ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಕೂರುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು ಮುಂತಾದ ಅಭ್ಯಾಸಗಳನ್ನು ಕಲಿಸುವ ವರ್ತನಾ ಚಿಕಿತ್ಸೆ ಬೇಕು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯೇ ಅದು.

ಒಂದು ಮಾತ್ರೆ ಸಾಲದು ಎನಿಸಿದ ದಿನವೇ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ತೆಗೆದುಕೊಂಡು ವೈದ್ಯರ ಬಳಿ ಹೋಗಿ, ನುಂಗುತ್ತಿರುವ ನಿಜವಾದ ಲೆಕ್ಕವನ್ನು ಮುಚ್ಚಿಡದೆ ಹೇಳಿ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.